ಅಜ್ಜಿಯ ಮೊದಲ ವಿಡಿಯೋ ಕಾಲ್: ಭಾನುವಾರ ಸಂಜೆ 5ಕ್ಕೆ

ಎಲ್ಲರಿಗೂ ನಮಸ್ಕಾರ. ಭಾನುವಾರ ಸಂಜೆ 5ಕ್ಕೆ ಅಜ್ಜಿ ತಾವೇ ನನಗೆ ವಿಡಿಯೋ ಕಾಲ್ ಮಾಡುತ್ತಾರೆ. ಆ ಅರ್ಧ ಗಂಟೆ ಬೇರೆ ಯಾರೂ ಅವರಿಗೆ ಫೋನ್ ಮಾಡಬೇಡಿ. ನಡುವೆ ಇನ್ನೊಂದು ಕಾಲ್ ಬಂದರೆ ಗಾಬರಿಯಾಗುತ್ತಾರೆ.

ಅಜ್ಜಿ, ಇನ್ನು ಇದು ನಿಮಗೆ. ವಾಟ್ಸಾಪ್ ತೆರೆದು ನನ್ನ ಹೆಸರು ಒತ್ತಿ. ಈ ಗುಂಪಿನಿಂದ ಬೇಡ, ಎಲ್ಲರಿಗೂ ಕಾಲ್ ಹೋಗಬಹುದು. ಮೇಲೆ ಬಲಗಡೆ ಪುಟ್ಟ ಕ್ಯಾಮೆರಾ ಚಿತ್ರವಿದೆ, ಅದನ್ನು ಮುಟ್ಟಿ. ಮೊದಲ ಸಲ ಅಲ್ವಾ, ಕ್ಯಾಮೆರಾ, ಮೈಕ್ ಬಳಸಲು ಫೋನ್ ಅನುಮತಿ ಕೇಳುತ್ತದೆ. ಒಪ್ಪಿಕೊಳ್ಳಿ, ಇಲ್ಲದಿದ್ದರೆ ನಿಮ್ಮ ಮುಖವೂ ಕಾಣಲ್ಲ, ದನಿಯೂ ಕೇಳಲ್ಲ.

ಫೋನನ್ನು ಕಿವಿಗೆ ಇಡದೆ ಮುಖದ ಮುಂದೆ ಒಂದು ಮೊಳ ದೂರ ಹಿಡಿಯಿರಿ. ನಾನು ಕಾಲ್ ತೆಗೆದ ಮೇಲೆ ಮೂಲೆಯ ಚಿಕ್ಕ ಚೌಕದಲ್ಲಿ ನಿಮ್ಮ ಮುಖ ಕಾಣಬೇಕು. ಅದು ಕಪ್ಪಾಗಿದ್ದರೆ ಬೆರಳು ಕ್ಯಾಮೆರಾ ಮೇಲಿರಬಹುದು, ಸ್ವಲ್ಪ ಸರಿಸಿ.

ಅತ್ತೆ, ಆಗ ಅಜ್ಜಿಯ ಪಕ್ಕ ಇರುತ್ತೀರಾ? ಶನಿವಾರದೊಳಗೆ ಇಲ್ಲೇ ತಿಳಿಸಿ.