ಸೇಂಟ್ ಮೇರೀಸ್ ವಿಡಿಯೋ: ಒಂದು ಸಾಲು ಬದಲಾಗಿದೆ

ಎಲ್ಲರಿಗೂ ನಮಸ್ಕಾರ. ಮಲ್ಪೆಯಲ್ಲಿ ಶೂಟ್ ಮಾಡಿದ ವಿಡಿಯೋ ಇನ್ನೂ ಅಪ್‌ಲೋಡ್ ಮಾಡಬೇಡಿ. ಸೇಂಟ್ ಮೇರೀಸ್ ದ್ವೀಪದ ಕಲ್ಲುಕಂಬಗಳಿಗೆ 6 ಕೋಟಿ ವರ್ಷ ಎಂದು ಸ್ಕ್ರಿಪ್ಟ್‌ನಲ್ಲಿ ನಾನೇ ಬರೆದಿದ್ದೆ. ಮೂರು ವೆಬ್‌ಸೈಟ್‌ನಲ್ಲಿ ಇತ್ತು, ನಂಬಿದೆ. ಆಮೇಲೆ ನೋಡಿದರೆ ಮೂರರಲ್ಲೂ ವಾಕ್ಯ ಒಂದೇ, ಅಕ್ಷರ ತಪ್ಪೂ ಅದೇ! ಅಂದರೆ ಮೂಲ ಒಂದೇ, ಅಲ್ವಾ?

ಸಂಶೋಧನಾ ಪ್ರಬಂಧಗಳಲ್ಲಿ ಆರ್ಗಾನ್ ವಿಧಾನದಿಂದ ಸುಮಾರು 8.5 ಕೋಟಿ, ಯುರೇನಿಯಂ-ಸೀಸ ವಿಧಾನದಿಂದ ಸುಮಾರು 9.1 ಕೋಟಿ ವರ್ಷ ಅಂತ ಇದೆ. ಎರಡನ್ನೂ ಹೇಳೋಣ. ಒಂದನ್ನೇ ಆರಿಸುವಷ್ಟು ಭೂವಿಜ್ಞಾನ ನಮಗೆ ಗೊತ್ತಿಲ್ಲ. ಹಳೆಯ ಸಂಖ್ಯೆ ದಖ್ಖನ್ ಲಾವಾದ ವಯಸ್ಸಿಗೆ ಹತ್ತಿರ. ಗೊಂದಲ ಅಲ್ಲಿಂದ ಬಂದಿರಬಹುದು.

ಎಡಿಟ್ ಮಾಡುವವರಿಗೆ: ಸಂಖ್ಯೆ ಹೇಳುವಾಗಲೇ ಪ್ರಬಂಧದ ಲೇಖಕರು, ಪ್ರಕಟವಾದ ವರ್ಷ ತೆರೆಯ ಮೇಲೆ ಬರಲಿ, ಐದು ಸೆಕೆಂಡ್ ನಿಲ್ಲಲಿ. ಮೇಲಿನ ಎಡ ಮೂಲೆಯಲ್ಲಿ ಹಾಕಿ. ಕೆಳಗೆ ಹಾಕಿದರೆ ಸಬ್‌ಟೈಟಲ್ ಮುಚ್ಚುತ್ತದೆ. ಡಿಸ್ಕ್ರಿಪ್ಶನ್‌ನಲ್ಲಿ 02:14 ಎಂಬಂತೆ ಸಮಯ, ಪ್ರಬಂಧದ ಹೆಸರು, ಪುಟ, ಲಿಂಕ್ ಇರಲಿ. ಯೂಟ್ಯೂಬ್ 5000 ಅಕ್ಷರ ಮಾತ್ರ ಬಿಡುತ್ತದೆ, ಉದ್ದ ಲಿಂಕ್‌ಗಳು ಜಾಸ್ತಿ ಜಾಗ ತಿನ್ನುತ್ತವೆ.

ವಾಸ್ಕೋ ಡ ಗಾಮ ಇಲ್ಲಿ ಇಳಿದ ಕಥೆಗೆ 'ಐತಿಹ್ಯ' ಅಂತಲೇ ಬರೆಯಿರಿ. ಆ ಭಾಗದ ದನಿ ನಾಳೆ ಸಂಜೆ ಮತ್ತೆ ರೆಕಾರ್ಡ್ ಮಾಡುತ್ತೇನೆ.