ಪುಟ್ಟಿಗೆ, ಜಗಲಿಯಲ್ಲಿ ನಿಂತ ದೃಶ್ಯದ ಬಗ್ಗೆ

ಸಾಗರ

ಚಿ. ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ಮನೆ ಸುದ್ದಿಯನ್ನೆಲ್ಲ ನಿನ್ನ ಅಮ್ಮ ಫೋನಿನಲ್ಲಿ ಹೇಳಿಯೇ ಇರುತ್ತಾಳೆ, ಅದನ್ನು ಬಿಡುತ್ತೇನೆ. ನಿನ್ನ ಪತ್ರದ ಕೊನೆಗೆ ಒಂದು ಸಾಲು ಇದೆಯಲ್ಲ, "ಜಗಲಿ ದೃಶ್ಯ ಮುಂದಕ್ಕೇ ಹೋಗುತ್ತಿಲ್ಲ ದೊಡ್ಡಪ್ಪ, ನನ್ನೊಳಗೆ ಬರೆಯುವುದೇ ಬತ್ತಿಹೋಯಿತೇನೋ ಅಂತ ಭಯ" ಅಂತ. ಅದನ್ನು ಓದಿದ ರಾತ್ರಿ ನನಗೆ ಸರಿಯಾಗಿ ನಿದ್ದೆ ಹತ್ತಲಿಲ್ಲ. ದೃಶ್ಯ ನಿಂತರೆ ನಿಲ್ಲಲಿ. ಬತ್ತಿಹೋಯಿತು ಅಂದೆಯಲ್ಲ, ಅದು ನನ್ನನ್ನು ಕಾಡಿತು.

ಜೊತೆಗೆ ಕಳಿಸಿದ ನಿನ್ನ ಕಾದಂಬರಿಯ ಪುಟಗಳನ್ನು ಓದಿದೆ. ಅಪ್ಪನ ಕಾರ್ಯ ಮುಗಿದಿದೆ. ಅಡಿಕೆ ಸುಲಿಯುವ ರಾತ್ರಿ, ಜಗಲಿಯ ಬಲ್ಬಿನ ಕೆಳಗೆ ತಾಯಿ, ಮಗ ರಾಘು, ಸೊಸೆ, ಬೆಂಗಳೂರಿನಿಂದ ಬಂದ ಮಗಳು ಸುಮಾ. ತೋಟ ತನ್ನ ಹೆಸರಿಗೆ ಆಗಬೇಕು ಅಂತ ರಾಘುಗೆ. ಮೆಟ್ಟುಗತ್ತಿಯ ಮುಂದೆ ಕೂತ ತಾಯಿಯ ಬೆರಳುಗಳು ಚೊಗರಿನಿಂದ ಕಪ್ಪಾಗಿರುವುದನ್ನು ನೋಡಿ ಸುಮಾ ತನ್ನ ಕೈಗಳನ್ನು ಸೆರಗಿನೊಳಗೆ ಎಳೆದುಕೊಳ್ಳುತ್ತಾಳೆ. ಬತ್ತಿಹೋದವರು ಅದನ್ನು ಬರೆಯುವುದಿಲ್ಲ ಮಗಾ.

ಮೂರನೇ ಪುಟದಿಂದ ಮಾತ್ರ ಮಾತು ತಿರುಗಿದಲ್ಲೇ ತಿರುಗುತ್ತದೆ. ಬಾಲ್ಯದ ನೆನಪು ಬರುತ್ತದೆ. ಕಾಫಿ ಬರುತ್ತದೆ. ಮತ್ತೆ ಕಾಫಿ ಬರುತ್ತದೆ. ರಾಘು ನಿಟ್ಟುಸಿರು ಬಿಡುತ್ತಾನೆ, ಸುಮಾ ಕತ್ತಲಲ್ಲಿ ತೋಟದ ಕಡೆ ನೋಡುತ್ತಾಳೆ. ಪಾತ್ರಗಳಿಗೆ ಕೆಲಸ ಇಲ್ಲದಾಗ ನಾವು ಬರೆಯುವವರು ಹೀಗೇ ಕಾಫಿ ತರಿಸುತ್ತೇವೆ. ಅಲ್ಲಿ ಕೂತವರಲ್ಲಿ ಯಾರಿಗೂ ಆ ಹೊತ್ತಿಗೆ ಏನೂ ಬೇಕಾಗಿಲ್ಲ. ಮುಂದೆ ಏನಾದರೂ ಆಗಲಿ ಅಂತ ಬೇಕಾಗಿರುವುದು ನಿನಗೊಬ್ಬಳಿಗೇ. ಅದಕ್ಕೇ ನಿನಗೆ ಅಷ್ಟು ಸುಸ್ತು.

ನಾನು ಇದನ್ನು ಕಲಿತದ್ದು ತಾಳಮದ್ದಳೆಯಲ್ಲಿ. ಮಳೆಗಾಲದಲ್ಲಿ ಅಲ್ಲಿ ಇಲ್ಲಿ ಅರ್ಥ ಹೇಳಲು ಹೋಗುತ್ತಿದ್ದೆನಲ್ಲ. ಒಮ್ಮೆ ಕೃಷ್ಣ ಸಂಧಾನದಲ್ಲಿ ನನಗೆ ಕೌರವನ ಪಾತ್ರ. ಕೌರವನಿಗೆ ಏನು ಬೇಕು? ರಾಜ್ಯ ಕೊಡಬಾರದು, ಅಷ್ಟೇ ಅಂದುಕೊಂಡು ಕೂತಿದ್ದೆ. ಹಾಗಂದುಕೊಂಡರೆ ಮಾತು ಎಷ್ಟು ಬೆಳೆಯುತ್ತದೆ ಹೇಳು. ಕೃಷ್ಣ ಕೊಡು ಅನ್ನುತ್ತಾನೆ, ನಾನು ಕೊಡುವುದಿಲ್ಲ ಅನ್ನುತ್ತೇನೆ, ಮುಗಿಯಿತು. ಪಕ್ಕದಲ್ಲಿದ್ದ ಹಿರಿಯ ಅರ್ಥಧಾರಿಯೊಬ್ಬರು ಮೆಲ್ಲಗೆ ಕೇಳಿದರು: "ರಾಜ್ಯದ ಮಾತು ಆಮೇಲೆ. ಕೃಷ್ಣ ಈಗ ತಾನೇ ಸಭೆಯೊಳಗೆ ಬಂದಿದ್ದಾನೆ. ಈಗ ಅವನಿಂದ ನಿನಗೆ ಏನಾಗಬೇಕು?" ಕೃಷ್ಣ ನನ್ನ ಅರಮನೆಯ ಊಟ ಬಿಟ್ಟು ವಿದುರನ ಮನೆಯಲ್ಲಿ ಉಂಡು ಬಂದಿದ್ದಾನೆ. ಅದು ತಪ್ಪಾಯಿತು ಅಂತ ತುಂಬಿದ ಸಭೆಯಲ್ಲಿ ಅವನ ಬಾಯಿಂದಲೇ ಹೊರಡಬೇಕು. ಆ ಹೊತ್ತಿಗೆ ಕೌರವನಿಗೆ ಬೇಕಾದದ್ದು ಅಷ್ಟೇ. ಕೃಷ್ಣನೋ ಆ ಮಾತನ್ನು ಕೊಡುವವನಲ್ಲ. ಹಾಗೆ ಹಿಡಿದ ಮೇಲೆ ಮಾತು ತಾನಾಗಿ ಬಂತು, ಭಾಗವತರು ಮುಂದಿನ ಪದ್ಯಕ್ಕೆ ಕಾಯಬೇಕಾಯಿತು. ಆಮೇಲೆ ಹೆಗ್ಗೋಡಿನಲ್ಲಿ ನಾಟಕದ ರಿಹರ್ಸಲ್ ನೋಡುವಾಗಲೂ ಇದೇ ಪ್ರಶ್ನೆ ಕಿವಿಗೆ ಬಿತ್ತು. ರಷ್ಯಾದ ಸ್ಟಾನಿಸ್ಲಾವ್ಸ್ಕಿ ನಟರಿಗೆ ಇದನ್ನು ಒಂದು ಕ್ರಮವಾಗಿಯೇ ಕಲಿಸಿದ್ದರು ಅಂತ ಅಲ್ಲಿ ಗೊತ್ತಾಯಿತು.

ಮತ್ತೆ ಆ ಬತ್ತಿದ ಮಾತಿಗೇ ಬರುತ್ತೇನೆ, ಬಿಡಲು ಆಗುತ್ತಿಲ್ಲ. ನನಗೂ ಹಾಗೇ ಅನ್ನಿಸಿತ್ತು. ಶರಾವತಿ ಮುಳುಗಡೆಯ ಮೇಲೆ ಒಂದು ಕಥೆ ಶುರು ಮಾಡಿದ್ದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತಲ್ಲ, ನೀರು ಏರುವ ಮೊದಲು ಒಂದು ಮನೆಯವರು ಊರು ಬಿಡುವ ಬೆಳಗ್ಗೆ. ಸಾಮಾನೆಲ್ಲ ಗಾಡಿಗೆ ಏರಿದೆ. ಅಜ್ಜಿ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದಾಳೆ. ಅಲ್ಲಿಂದ ಮುಂದೆ ಒಂದು ಸಾಲೂ ಬರಲಿಲ್ಲ. ಅವಳಿಗೆ ಏನು ಬೇಕು ಅಂದರೆ ಊರು ಬೇಕು, ಮನೆ ಬೇಕು ಅಂತಲೇ ನನಗೆ ಹೊಳೆಯುತ್ತಿತ್ತು. ಅದನ್ನು ಅಲ್ಲಿ ಯಾರು ತಾನೇ ಕೊಡಬಲ್ಲರು? ಹಾಗಾಗಿ ಅವಳು ನಿಂತೇ ಇದ್ದಳು. ನನ್ನಲ್ಲಿ ಬರೆಯುವುದು ಮುಗಿಯಿತು ಅಂದುಕೊಂಡು ಆ ಹಾಳೆಗಳನ್ನು ಅಟ್ಟಕ್ಕೆ ಹಾಕಿದೆ. ಆಮೇಲೆ ಬರೆಯಲಿಲ್ಲ.

ಈಗ ನನಗೆ ಗೊತ್ತು. ಒಲೆಯಲ್ಲಿ ಇನ್ನೂ ಕೆಂಡ ಇದೆ. ಅದನ್ನು ತಾನು ಆರಿಸಬಾರದು, ಮಗನೇ ಬಂದು ಆರಿಸಬೇಕು ಅಂತ ಅವಳಿಗೆ. ಮಗನಿಗೆ ಬಿಸಿಲೇರುವ ಮೊದಲು ಗಾಡಿ ಹೊರಡಬೇಕು, ಒಳಗೆ ಕಾಲಿಡಲು ಮನಸ್ಸಿಲ್ಲ. ಅಷ್ಟು ಸಾಕಿತ್ತು ಪುಟ್ಟಿ. ಆ ಮುಳುಗಡೆಯ ದಿನಗಳನ್ನು ನನಗೆ ಹೇಳುತ್ತಿದ್ದವರು ಈಗ ಯಾರೂ ಇಲ್ಲ. ನಿನ್ನ ಸಾಲು ಓದಿ ನಾನು ಹೆದರಿದ್ದು ಇದಕ್ಕೇ.

ನಿನ್ನ ಜಗಲಿಗೆ ಬರೋಣ. ರಾಘುಗೆ ತೋಟ ಬೇಕು, ಸರಿ. ಅದು ಇಡೀ ಕಾದಂಬರಿಯ ಆಸೆ. ಆ ರಾತ್ರಿ ಅದು ಅವನ ಕೈಗೆ ಬರುವಂಥದ್ದಲ್ಲ. 2005ರ ಕಾನೂನಾದ ಮೇಲೆ ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಪಾಲು. ಸುಮಾ ಪಾಲು ಬಿಡುವುದಾದರೆ ಹಕ್ಕು ಬಿಡುಗಡೆ ಪತ್ರ ಆಗಬೇಕು, ಅದು ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ನೋಂದಣಿ ಆಗಬೇಕು. ಜಗಲಿಯಲ್ಲಿ ಕೂತು ಅವನು ಸಹಿ ಹಾಕಿಸಿಕೊಂಡರೆ ಏನೂ ಸಿಕ್ಕ ಹಾಗಲ್ಲ. ಹಾಗಾದರೆ ಅಲ್ಲಿಂದ ಏಳುವುದರೊಳಗೆ ಅವನಿಗೆ ಸಿಗಬಹುದಾದದ್ದು ಏನು? "ಸೋಮವಾರ ಆಫೀಸಿಗೆ ಬರುತ್ತೇನೆ" ಅನ್ನುವ ಒಂದು ಮಾತು, ಅಮ್ಮನ ಎದುರಿಗೆ.

ಸುಮಾಗೆ? ಅಣ್ಣ ಸೊಸೈಟಿಯಲ್ಲಿ ಸಾಲ ಮಾಡಿದ್ದು ಅವಳಿಗೆ ಹಿಂದಿನ ಅಧ್ಯಾಯದಲ್ಲೇ ಗೊತ್ತಾಗಿದೆ. ರಾತ್ರಿ ಬಸ್ಸಿಗೆ ಹೊರಡುವ ಮೊದಲು ಅದು ಅವನ ಬಾಯಿಂದಲೇ ಬರಬೇಕು. ತಾಯಿಗೆ? ನಿನ್ನ ಪುಟಗಳಲ್ಲಿ ತಾಯಿ ಅಡಿಕೆ ಸುಲಿಯುತ್ತಾಳೆ, ಕಣ್ಣೊರೆಸಿಕೊಳ್ಳುತ್ತಾಳೆ, ಮತ್ತೇನೂ ಮಾಡುವುದಿಲ್ಲ. ನನಗೆ ಅನ್ನಿಸುವಂತೆ ದೃಶ್ಯ ಅವಳಿಂದಲೇ ಜಾಸ್ತಿ ಭಾರವಾಗಿದೆ. ಮಗಳು ಈ ಒಂದು ರಾತ್ರಿ ಉಳಿಯಲಿ ಅಂತ ಅವಳಿಗೆ ಇರಲಿ. ಪಾಲಿನ ಮಾತು ಬಂದರೆ ಸುಮಾ ಸಿಟ್ಟಾಗಿ ಹೊರಡುತ್ತಾಳೆ. ಹಾಗಾಗಿ ಮಗ ಮಾತೆತ್ತಿದಾಗಲೆಲ್ಲ ಅವಳು ಏನಾದರೂ ನೆಪ ಮಾಡಿ ಎದ್ದು ಒಳಗೆ ಹೋಗುತ್ತಾಳೆ. ಊಟಕ್ಕೂ ಕರೆಯುವುದಿಲ್ಲ. ಊಟ ತಡವಾದರೆ ಬಸ್ಸು ತಪ್ಪುತ್ತದೆ.

ನಾನು ಸುಮ್ನೆ ಬರೆದು ನೋಡಿದೆ.

"ಈ ಸಲ ಅಡಿಕೆ ಎಷ್ಟಾಗಬಹುದು ಅಣ್ಣಾ?"

"ಆಗತ್ತೆ. ಸೋಮವಾರ ಇರ್ತೀಯಲ್ಲ ನೀನು?"

"ಮಾರಿದ್ದರಲ್ಲಿ ಕೈಗೆ ಎಷ್ಟು ಉಳಿಯತ್ತೆ?"

"ಅಮ್ಮಾ, ಇಲ್ಲಿ ಸ್ವಲ್ಪ ಕೂತ್ಕೋ. ಎಲ್ಲಿಗೆ ಎದ್ದೆ?"

"ಬಚ್ಚಲೊಲೆ ಉರಿ ನೋಡಿ ಬರ್ತೀನಿ."

ಯಾರೂ ತಮಗೆ ಬೇಕಾದದ್ದನ್ನು ಬಾಯಿ ಬಿಟ್ಟು ಹೇಳಲಿಲ್ಲ, ಆದರೂ ಮೂವರೂ ಎಳೆಯುತ್ತಿದ್ದಾರೆ, ಅಲ್ವಾ? ಇದನ್ನೇ ಇಟ್ಟುಕೋ ಅನ್ನುವುದಿಲ್ಲ. ಅವರು ನಿನ್ನ ಮಂದಿ. ಸುಮಾಗೆ ಬೇಕಾದದ್ದು ಬೇರೆಯೇ ಇರಬಹುದು.

ಹೇಗೆ ಮಾಡಬೇಕು ಅಂತ ಹೇಳುವಷ್ಟು ನಾನು ಬರೆದವನಲ್ಲ, ಆದರೂ ಹೇಳುತ್ತೇನೆ. ಬೇರೆ ಹಾಳೆಯಲ್ಲಿ ಒಬ್ಬೊಬ್ಬರ ಬಾಯಲ್ಲೇ ಒಂದು ಸಾಲು ಬರೆ: ನನಗೆ ಈಗ, ಇಂಥವರಿಂದ, ಇಂಥದ್ದು ಬೇಕು. ನೆಮ್ಮದಿ ಬೇಕು, ಪ್ರೀತಿ ಬೇಕು ಅಂತ ಬಂದರೆ ಅದನ್ನು ಒಪ್ಪಬೇಡ, ಇನ್ನೊಮ್ಮೆ ಕೇಳು. ಸಿಕ್ಕಿತೋ ಇಲ್ಲವೋ ಅಂತ ಪಕ್ಕದಲ್ಲಿ ಕೂತವರಿಗೆ ಕಣ್ಣಿಗೆ ಕಾಣುವಂಥದ್ದೇ ಆಗಬೇಕು. ಬಸ್ಸು ಹತ್ತಿದಳೋ ಇಲ್ಲವೋ, ಸೋಮವಾರ ಬರುತ್ತೇನೆ ಅಂದಳೋ ಇಲ್ಲವೋ, ಹಾಗೆ. ಬಾಯಿ ಮುಚ್ಚಿಕೊಂಡು ಕೂತವರನ್ನೂ ಬಿಡಬೇಡ. ಸುಮಾ ಅಪ್ಪನ ಕಾಯಿಲೆಯ ಕಥೆಯನ್ನೆಲ್ಲ ರಾಘುಗೆ ಹೇಳುತ್ತಾಳಲ್ಲ, ಅದು ಅವನಿಗೆ ಗೊತ್ತಿರುವುದೇ. ಅಲ್ಲಿ ಓದುವವರಿಗೆ ತಿಳಿಯಲಿ ಅನ್ನುವ ಆಸೆ ನಿನ್ನದು, ಅವಳದಲ್ಲ. ಆ ಮಾತು ಅವಳ ಬಾಯಿಗೆ ಹೊರೆ.

ಇನ್ನೊಂದು. ಪೆನ್ನು ನಿಂತ ಜಾಗ ಮೂರನೇ ಪುಟ, ಆದರೆ ತೊಡಕು ಬಹುಶಃ ಅಲ್ಲಿಲ್ಲ. ಎರಡನೇ ಪುಟದ ಕೊನೆಗೆ ರಾಘು ಮೆಲ್ಲಗೆ ಪಾಲಿನ ಮಾತು ತೆಗೆಯುತ್ತಾನೆ, ಸುಮಾ "ಆಯ್ತು ಬಿಡು, ನೀನು ಹೇಳಿದ ಹಾಗೇ ಮಾಡೋಣ" ಅಂದುಬಿಡುತ್ತಾಳೆ. ಅಲ್ಲಿಗೆ ಅವನಿಗೆ ಬೇಕಾದದ್ದು ಸಿಕ್ಕಿಹೋಯಿತು. ಆಮೇಲೆ ಅವನು ಯಾಕೆ ಕೂತಿರಬೇಕು? ಯಾರಿಗಾದರೂ ಬೇಕಾದದ್ದು ಸಿಕ್ಕ ಮೇಲೆ, ಅಥವಾ ಖಂಡಿತ ಸಿಗುವುದಿಲ್ಲ ಅಂತ ಗೊತ್ತಾದ ಮೇಲೆ, ಒಂದೋ ದೃಶ್ಯ ಮುಗಿಯಬೇಕು, ಇಲ್ಲವೇ ಹೊಸದೊಂದು ಬೇಕಾಗಬೇಕು. ಆ ಒಂದು ಸಾಲು ಹೊಡೆದುಹಾಕಿ ಅಲ್ಲಿಂದ ಮತ್ತೆ ಶುರು ಮಾಡಿ ನೋಡು. ಪೂರ್ತಿ ಹರಿದು ಹಾಕಬೇಡ, ಆ ಬೆರಳುಗಳು ಹೋದಾವು.

ಎಲ್ಲರಿಗೂ ಏನೋ ಬೇಕಾಗಿದ್ದೂ ಮಾತು ಏಳದಿದ್ದರೆ, ಇಬ್ಬರಿಗೆ ಬೇಕಾದದ್ದು ಒಂದೇ ಇರಬಹುದು, ಅಡ್ಡ ಬರುವವರೇ ಇಲ್ಲದಿರಬಹುದು. ಅದೂ ಅಲ್ಲದಿದ್ದರೆ ಆ ದೃಶ್ಯವೇ ಕಥೆಗೆ ಬೇಡವಾಗಿರಬಹುದು. ಈ ಪ್ರಶ್ನೆ ಅದನ್ನು ಸರಿ ಮಾಡುವುದಿಲ್ಲ. ಆಗ ಸುಮಾ ಬಸ್ಸಿನಲ್ಲಿ ಕೂತಿರುವಲ್ಲಿಂದ ಬರೆ. ಹಾಗಾದರೂ ನಿಂತದ್ದು ಒಂದು ದೃಶ್ಯ ಅಷ್ಟೇ. ದಯವಿಟ್ಟು ಅದನ್ನು ನಿನ್ನ ಮೇಲೆ ಎಳೆದುಕೊಳ್ಳಬೇಡ. ಎಷ್ಟು ಸಲ ಹೇಳಿದರೂ ಇನ್ನೊಮ್ಮೆ ಹೇಳಬೇಕು ಅನ್ನಿಸುತ್ತದೆ.

ಸೊಸೆಯ ಸಾಲು ನನಗೆ ಬರೆಯಲು ಆಗಲಿಲ್ಲ. ಪುಟಗಳನ್ನು ನಿನ್ನ ದೊಡ್ಡಮ್ಮನಿಗೆ ಓದಿ ಹೇಳಿದೆ. ಅವಳು ಥಟ್ಟನೆ ಅಂದಳು: "ಅವಳಿಗೆ ಇವರೆಲ್ಲ ಬೇಗ ಉಂಡು ಏಳಬೇಕು. ಬೆಳಗ್ಗೆ ಅಡಿಕೆ ಬೇಯಿಸೋ ಹಂಡೆಗೆ ಬೆಂಕಿ ಹಾಕೋಳು ಅವಳೇ ಅಲ್ವಾ?" ಹಾಗಾದರೆ ಅತ್ತೆ ಊಟ ತಡ ಮಾಡುತ್ತಿರುವುದು ಮೊದಲು ಗೊತ್ತಾಗುವುದು ಅವಳಿಗೇ. ಅವಳು ಅದನ್ನು ರಾಘುಗೆ ಹೇಳುತ್ತಾಳೋ ಇಲ್ಲವೋ, ಬರೆದು ಕಳಿಸು.

ಇತಿ,
ನಿನ್ನ ದೊಡ್ಡಪ್ಪ