ಚಿಕ್ಕಪ್ಪ ಹೇಳಿದ್ದರ ಬಗ್ಗೆ, ಗೆಳೆಯನಿಗೊಂದು ಪತ್ರ

ಲೋ ಗೆಳೆಯಾ,

ನಿನ್ನೆ ಫೋನಲ್ಲಿ ನೀನು ಅಷ್ಟು ಕೋಪದಲ್ಲಿದ್ದೆ, ಅದಕ್ಕೇ ಬರೀತಿದೀನಿ. ಸಾಲದ ವಿಷಯ ಹೆಂಡ್ತಿಗೆ ಇವತ್ತೇ ಹೇಳ್ಬಿಡು ಅಂದ್ರಂತೆ ನಿಮ್ಮ ಚಿಕ್ಕಪ್ಪ, ಅದೂ ತಮ್ಮ ಸಾಲವನ್ನ ಇವತ್ತಿಗೂ ಚಿಕ್ಕಮ್ಮನಿಂದ ಮುಚ್ಚಿಟ್ಕೊಂಡು. ಬಡ್ಡಿ ಲೆಕ್ಕ ಪೆನ್ಸಿಲ್‌ನಲ್ಲೇ ಬರ್ಕೊಳ್ತಾರೆ, ಯಾರಾದ್ರೂ ಬಂದ್ರೆ ಅಳಿಸೋಕೆ ಅಂತ, ಆ ಡೈರೀನ ಅವರೇ ತೆಗೆದು ತೋರಿಸಿದ್ರು ಅಂದ್ಯಲ್ಲ. 'ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ' ಅಂತ ನೀನು ಅಂದಿದ್ದು ನನಗೂ ಅರ್ಥ ಆಗುತ್ತೆ ಕಣೋ.

ಆದ್ರೆ ಅವರು ಹೇಳಿದ್ದು ಒಂದೇ ಮಾತಲ್ಲ, ಮೂರು ಮಾತು. ತಡ ಮಾಡಿದಷ್ಟೂ ಸುಳ್ಳು ಜಾಸ್ತಿ ಆಗುತ್ತೆ ಅಂದ್ರು. ಇದನ್ನ ನಂಬೋಕೆ ಅವರು ಒಳ್ಳೆಯವರಾಗಿರಲೇಬೇಕು ಅಂತೇನಿಲ್ಲ, ನಿನ್ನ ಹತ್ರಾನೇ ಸಾಕ್ಷಿ ಇದೆ. ಕಂತು ಕಟ್ಟಿದ್ದು ಮುಚ್ಚೋಕೆ ಸಂಬಳ ಲೇಟಾಯ್ತು ಅಂದೆ, ಆಮೇಲೆ ಆಫೀಸಲ್ಲೇ ಪ್ರಾಬ್ಲಮ್ ಅಂದೆ, ಈಗ ಅವಳು ನಿನ್ನ ಕೆಲಸ ಹೋಗುತ್ತೇನೋ ಅಂತ ರಾತ್ರಿ ನಿದ್ದೆ ಮಾಡ್ತಿಲ್ಲ. ಎರಡನೇದು, ಹೇಳಿದ್ರೆ ಒಂದು ವಾರ ಮುನಿಸು ಅಷ್ಟೇ, ಸರಿಹೋಗುತ್ತೆ ಅಂದ್ರು. ಇದನ್ನ ಮಾತ್ರ ಅವರ ಬಾಯಿಂದ ತಗೋಬೇಡ, ಯಾಕಂದ್ರೆ ಅವರು ಯಾವತ್ತೂ ಹೇಳೇ ಇಲ್ವಲ್ಲ, ಹೇಳಿದ ಮೇಲೆ ಏನಾಗುತ್ತೆ ಅಂತ ಅವರಿಗೆ ಹೇಗೆ ಗೊತ್ತಿರುತ್ತೆ? ಮೂರನೇದು 'ನಾಚಿಕೆ ಆಗಲ್ವಾ ನಿನಗೆ' ಅಂತ ಬೈದಿದ್ದು. ಆ ಹಕ್ಕು ಅವರಿಗಿಲ್ಲ, ಅಲ್ಲಿ ನಿನ್ನ ಕೋಪ ನ್ಯಾಯವಾಗಿಯೇ ಇದೆ. ಆದ್ರೆ ಬೈಯೋ ಹಕ್ಕಿಲ್ಲ ಅಂದ ಮಾತ್ರಕ್ಕೆ ಮೊದಲನೇ ಮಾತು ಸುಳ್ಳಾಗಲ್ಲ, ನೀನು ಇವೆರಡನ್ನೂ ಒಂದೇ ಗಂಟು ಕಟ್ಟಿ ಎಸೀತಿದೀಯ.

ಇನ್ನೊಂದು ವಿಷಯ. ಆಷಾಢಭೂತಿಗಳನ್ನ ಕಂಡ್ರೆ ನಮಗ್ಯಾಕೆ ಅಷ್ಟು ಸಿಟ್ಟು ಅಂತ 2017ರಲ್ಲಿ ಜಿಲಿಯನ್ ಜೋರ್ಡನ್ ಅನ್ನೋ ಸಂಶೋಧಕಿ ಮತ್ತೆ ಅವರ ಜೊತೆಗಾರರು ಒಂದು ಅಧ್ಯಯನ ಪ್ರಕಟಿಸಿದ್ರು. ಹೇಳಿದಂತೆ ನಡೀಲಿಲ್ಲ ಅನ್ನೋದಕ್ಕಿಂತ, ಬೇರೆಯವರನ್ನ ಬೈದು ತಾನು ಸಾಚಾ ಅಂತ ನಂಬಿಸಿದ್ದೇ ಜನಕ್ಕೆ ಹೆಚ್ಚು ಚುಚ್ಚುತ್ತಂತೆ, 'ನಾನೂ ಒಮ್ಮೊಮ್ಮೆ ಇದನ್ನೇ ಮಾಡ್ತೀನಿ' ಅಂತ ಮೊದಲೇ ಒಪ್ಕೊಂಡವರ ಮೇಲೆ ಅಷ್ಟು ಸಿಟ್ಟು ಬರಲ್ವಂತೆ. ಚಿಕ್ಕಪ್ಪ ಬೈದಿದ್ದು ನಿಜ, ಆದ್ರೆ ಸಾಚಾ ಥರ ನಟಿಸಲಿಲ್ಲ ಕಣೋ, ಡೈರಿ ನಿನ್ನ ಮುಂದೆ ಬಿಚ್ಚಿದ್ರು, ಚಿಕ್ಕಮ್ಮನಿಗೂ ತೋರಿಸದೇ ಇರೋದನ್ನ. ಅದೇ ಡೈರಿ ಮುಚ್ಚಿಟ್ಟು ಇಷ್ಟೇ ಮಾತು ಹೇಳಿದ್ರೆ ನಾನೂ ನಿನ್ನ ಜೊತೆ ಸೇರಿ ಬೈತಿದ್ದೆ.

ಅವಳ ಹತ್ರ ಕೂತಾಗ ಒಟ್ಟು ಎಷ್ಟು, ಯಾರಿಗೆ, ಇನ್ನೆಷ್ಟು ಕಂತು ಅಂತ ಎಲ್ಲಾ ಒಂದು ಹಾಳೆ ಮೇಲೆ ಬರ್ಕೊಂಡು ಹೋಗು, ಪೆನ್ನಲ್ಲಿ ಬರಿ. ಅವಳು ಏನಂತಾಳೋ ನನಗೂ ಗೊತ್ತಿಲ್ಲ. ಹೇಳಿದ ಮೇಲೆ ಎಷ್ಟು ಹೊತ್ತಾಗಿದ್ರೂ ಫೋನ್ ಮಾಡು, ಎದ್ದೇ ಇರ್ತೀನಿ.

ಇಂತಿ ನಿನ್ನ ಗೆಳೆಯ